ಹೊಲದ ಪಂಪ್‌ಸೆಟ್ ಬಾಕ್ಸಿಗೆ ಯಾವ ಕ್ಲಾಕ್: ಕ್ರಿಸ್ಟಲ್, ಸೆರಾಮಿಕ್ ರೆಸೊನೇಟರ್, ಇಲ್ಲಾ ಚಿಪ್ ಒಳಗಿನ ಆರ್‌ಸಿ?

ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಫೋನಿನಿಂದ ಮೋಟ್ರು ಆನ್-ಆಫ್ ಮಾಡುವ ಬಾಕ್ಸನ್ನು ಸ್ವಂತವಾಗಿ ಕಟ್ಟಿಕೊಡುವವರು ಇದ್ದಾರೆ. ಅವರಿಗೆ ಬರುವ ದೂರಿನಲ್ಲಿ ಒಂದು ಮಾತ್ರ ವಿಚಿತ್ರವಾಗಿರುತ್ತದೆ. "ಬೆಳಿಗ್ಗೆ ಫೋನ್ ಮಾಡಿದ್ರೆ ಮೋಟ್ರು ಆನ್ ಆಗ್ತದ ಸರ್, ಮಧ್ಯಾಹ್ನ ಆಗಂಗಿಲ್ಲ." ಸಿಮ್ ಬದಲಾಯಿಸುತ್ತಾರೆ, ಆಂಟೆನಾ ಬದಲಾಯಿಸುತ್ತಾರೆ, ಪವರ್ ಸಪ್ಲೈ ದೊಡ್ಡದು ಹಾಕುತ್ತಾರೆ. ಇವೆಲ್ಲ ಆದ ಮೇಲೂ ದೂರು ಹಾಗೇ ಇದ್ದರೆ ನೋಡಬೇಕಾದ್ದು ಮೈಕ್ರೋಕಂಟ್ರೋಲರಿನ ಕ್ಲಾಕ್.

ಇಲ್ಲಿ ಎಟಿಮೆಗಾ 328ಪಿ ಚಿಪ್ ಇಟ್ಟುಕೊಂಡು ಒಂದು ಸ್ಟಾರ್ಟರ್ ಬಾಕ್ಸಿಗೆ ಕ್ಲಾಕ್ ಆರಿಸುತ್ತಾ ಹೋಗೋಣ. ಬೇರೆ ಚಿಪ್ ಆದರೆ ಅಂಕಿ ಬದಲಾಗುತ್ತದೆ, ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಕೆಲಸಕ್ಕೆ ಎಷ್ಟು ತಪ್ಪು ಸಹಿಸುತ್ತದೆ ಎಂದು ಬರೆದುಕೊಳ್ಳಿ

"ಕ್ರಿಸ್ಟಲ್ ಒಳ್ಳೆಯದಾ, ರೆಸೊನೇಟರ್ ಒಳ್ಳೆಯದಾ" ಎಂದು ಶುರು ಮಾಡಬೇಡಿ. ಬಾಕ್ಸು ಯಾವ ಯಾವ ಕೆಲಸಕ್ಕೆ ಸಮಯ ಬಳಸುತ್ತದೆ ಎಂದು ನೋಡಿ. ನಮ್ಮ ಬಾಕ್ಸಿನಲ್ಲಿ ಅಂಥ ಕೆಲಸ ಮೂರಿವೆ.

ಒಂದು, ಮೋಟ್ರನ್ನು ಎರಡು ತಾಸು ಓಡಿಸಿ ನಿಲ್ಲಿಸುವುದು. ಕ್ಲಾಕ್ ಶೇಕಡಾ 1ರಷ್ಟು ತಪ್ಪಿದರೂ ಎರಡು ತಾಸಿಗೆ ಆಗುವ ವ್ಯತ್ಯಾಸ 72 ಸೆಕೆಂಡು. ಗದ್ದೆಗೆ ಒಂದು ನಿಮಿಷ ಹೆಚ್ಚು ನೀರು ಹೋದರೆ ಯಾರಿಗೂ ತೊಂದರೆ ಇಲ್ಲ. ಈ ಕೆಲಸಕ್ಕೆ ಯಾವ ಕ್ಲಾಕ್ ಆದರೂ ನಡೆಯುತ್ತದೆ.

ಎರಡು, ಜಿಎಸ್‌ಎಂ ಮಾಡ್ಯೂಲ್ ಜೊತೆ ಸೀರಿಯಲ್ ಲೈನಿನಲ್ಲಿ ಮಾತಾಡುವುದು. ಇದು ಅಷ್ಟು ಸಡಿಲ ಅಲ್ಲ. ಸೀರಿಯಲ್ಲಿನಲ್ಲಿ ಕ್ಲಾಕ್ ತಂತಿ ಬೇರೆ ಇರುವುದಿಲ್ಲ. ಸ್ಟಾರ್ಟ್ ಬಿಟ್ ಬಂದ ಕ್ಷಣದಿಂದ ಪಡೆಯುವ ಚಿಪ್ ತನ್ನದೇ ಗಡಿಯಾರದಿಂದ ಎಣಿಸುತ್ತಾ, ಒಂದೊಂದು ಬಿಟ್ಟಿನ ನಡುವೆ ಓದುತ್ತಾ ಹೋಗುತ್ತದೆ. ಹತ್ತನೇ ಬಿಟ್, ಅಂದರೆ ಸ್ಟಾಪ್ ಬಿಟ್ಟಿನ ಹೊತ್ತಿಗೆ ಓದುವ ಜಾಗ ಅರ್ಧ ಬಿಟ್ ಸರಿದರೆ ಅಕ್ಷರ ಕೆಡುತ್ತದೆ. 9.5 ಬಿಟ್ ದೂರದಲ್ಲಿ ಅರ್ಧ ಬಿಟ್ ಎಂದರೆ ಎರಡೂ ಕಡೆಯ ತಪ್ಪು ಸೇರಿ ಸುಮಾರು ಶೇಕಡಾ 5. ಇದು ಕಾಗದದ ಮೇಲಿನ ಮಿತಿ. ಈ ಚಿಪ್ಪಿನ ಡೇಟಾಶೀಟ್ 8 ಡೇಟಾ ಬಿಟ್‌ಗೆ ಶೇಕಡಾ ±2 ಒಳಗೆ ಇರಿ ಎನ್ನುತ್ತದೆ. ಡಬಲ್ ಸ್ಪೀಡ್ ಬಿಟ್, ಅಂದರೆ `U2X0`, ಹಾಕಿದರೆ ಅದು ±1.5ಕ್ಕೆ ಇಳಿಯುತ್ತದೆ.

ಮೂರು, ದಿನದ ಹೊತ್ತು. ತ್ರೀ ಫೇಸ್ ಕರೆಂಟು ಬರುವ ವೇಳೆಗೆ ಮೋಟ್ರು ತಾನಾಗೇ ಶುರುವಾಗಬೇಕು ಎಂದು ರೈತರು ಕೇಳುತ್ತಾರೆ. ಇಲ್ಲಿ ತಪ್ಪು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಶೇಕಡಾ 1 ತಪ್ಪಿದ ಗಡಿಯಾರ ದಿನಕ್ಕೆ 14 ನಿಮಿಷ 24 ಸೆಕೆಂಡು ಆಚೀಚೆ ಆಗುತ್ತದೆ. ಹತ್ತು ದಿನಕ್ಕೆ ಎರಡು ತಾಸು ದಾಟುತ್ತದೆ. ವಾರಕ್ಕೆ ಒಂದೆರಡು ನಿಮಿಷ ಸಾಕು ಎಂದುಕೊಂಡರೂ ಶೇಕಡಾ 0.02ರ ಒಳಗೆ, ಅಂದರೆ 200 ಪಿಪಿಎಂ ಒಳಗೆ ಇರಬೇಕು.

ಒಂದೇ ಬಾಕ್ಸಿನಲ್ಲಿ ಒಂದು ಕೆಲಸ ಶೇಕಡಾ ಹತ್ತನ್ನೂ ಸಹಿಸುತ್ತದೆ, ಇನ್ನೊಂದು ಎರಡನ್ನು, ಮತ್ತೊಂದು ಸೊನ್ನೆ ಪಾಯಿಂಟ್ ಸೊನ್ನೆ ಎರಡನ್ನು. ಮೂರಕ್ಕೂ ಒಂದೇ ಕ್ಲಾಕ್ ಇರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇದು ಮನಸ್ಸಿನಲ್ಲಿದ್ದರೆ ಮುಂದಿನದು ಸುಲಭ.

ಎರಡನೇ ಹೆಜ್ಜೆ: ಮೂರರ ನಿಖರತೆಯನ್ನು ನಮ್ಮ ಬಿಸಿಲಿನಲ್ಲಿ ನೋಡಿ

ರಾಯಚೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ 42-43 ಡಿಗ್ರಿ ಇರುತ್ತದೆ. ಬಿಸಿಲಿಗೆ ಮುಖ ಮಾಡಿದ ತಗಡಿನ ಸ್ಟಾರ್ಟರ್ ಬಾಕ್ಸಿನ ಒಳಗೆ 60 ಡಿಗ್ರಿ ಎಂದುಕೊಂಡೇ ಲೆಕ್ಕ ಹಾಕಿ. ಒಳಗೆ ಕಾಂಟ್ಯಾಕ್ಟರ್ ಕಾಯಿಲ್ ಬೇರೆ ಕಾಯುತ್ತಿರುತ್ತದೆ.

ಚಿಪ್ ಒಳಗಿನ ಆರ್‌ಸಿ ಆಸಿಲೇಟರ್ 8 ಮೆಗಾಹರ್ಟ್ಜ್‌ನದು. ಫ್ಯಾಕ್ಟರಿಯಲ್ಲಿ ಅದನ್ನು 3 ವೋಲ್ಟ್, 25 ಡಿಗ್ರಿಯಲ್ಲಿ ಹೊಂದಿಸಿರುತ್ತಾರೆ. ಅಲ್ಲಿಯೂ ಡೇಟಾಶೀಟ್ ಕೊಡುವ ಭರವಸೆ ±10 ಶೇಕಡಾ ಮಾತ್ರ. ಕೈಗೆ ಬರುವ ಚಿಪ್ಪುಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿರುತ್ತವೆ, ಅದಕ್ಕೇ ಟೇಬಲ್ ಮೇಲೆ ಎಲ್ಲ ಸರಿ ಕಾಣುತ್ತದೆ. ಆದರೆ 5 ವೋಲ್ಟಿಗೆ ಹಾಕಿದರೆ ಸ್ವಲ್ಪ ಸರಿಯುತ್ತದೆ, ಬಿಸಿಯಾದರೆ ಇನ್ನಷ್ಟು ಸರಿಯುತ್ತದೆ. ಬೆಳಿಗ್ಗೆ ಶೇಕಡಾ 1 ಜೋರಾಗಿದ್ದದ್ದು ಮಧ್ಯಾಹ್ನ 3 ಆದರೆ ಸಾಕು, ಜಿಎಸ್‌ಎಂ ಮಾಡ್ಯೂಲಿಗೆ ಕಸ ಅಕ್ಷರ ಹೋಗಲು ಶುರುವಾಗುತ್ತದೆ. ಮೇಲೆ ಹೇಳಿದ ದೂರಿಗೆ ಇದೇ ಕಾರಣ ಆಗಿರಬಹುದು.

ಸೆರಾಮಿಕ್ ರೆಸೊನೇಟರ್ ಹೊಸದಾಗಿದ್ದಾಗ ಸಾಮಾನ್ಯವಾಗಿ ±0.5 ಶೇಕಡಾ. ಬಿಸಿಗೆ ಇನ್ನೊಂದು 0.3ರಷ್ಟು, ವರ್ಷಗಳು ಕಳೆದಂತೆ ಇನ್ನೊಂದಿಷ್ಟು. ಎಲ್ಲ ಸೇರಿ ಶೇಕಡಾ 1 ಎಂದು ಹಿಡಿದರೆ ಮೋಸ ಹೋಗುವುದಿಲ್ಲ. ಆರ್ಡುಯಿನೊ ಯುನೊ ಬೋರ್ಡಿನ ಮುಖ್ಯ ಚಿಪ್ ಓಡುವುದೂ ರೆಸೊನೇಟರ್ ಮೇಲೆಯೇ. ಆ ಬೋರ್ಡಿನಲ್ಲಿ ಹೊಳೆಯುವ ಬೆಳ್ಳಿ ಬಣ್ಣದ ಡಬ್ಬಿ ಯುಎಸ್‌ಬಿ ಚಿಪ್ಪಿನ ಕ್ರಿಸ್ಟಲ್, ಬಹಳ ಜನ ಅದನ್ನೇ ಮುಖ್ಯ ಕ್ಲಾಕ್ ಎಂದುಕೊಂಡಿರುತ್ತಾರೆ. ಯುನೊ ಬೋರ್ಡಿನ `millis()` ನಂಬಿ ಗಡಿಯಾರ ಮಾಡಿದವರಿಗೆ ದಿನಕ್ಕೆ ನಿಮಿಷಗಟ್ಟಲೆ ತಪ್ಪು ಬರುವುದಕ್ಕೆ ಕಾರಣ ಇಲ್ಲಿದೆ. 0.5 ಶೇಕಡಾ ಎಂದರೆ ದಿನಕ್ಕೆ 7 ನಿಮಿಷ 12 ಸೆಕೆಂಡು.

ಕ್ವಾರ್ಟ್ಜ್ ಕ್ರಿಸ್ಟಲ್ ಬೇರೆಯೇ ಮಟ್ಟ. ಸಾಧಾರಣ ಕ್ರಿಸ್ಟಲ್ ಕೂಡ ±30ರಿಂದ 50 ಪಿಪಿಎಂ, ಬಿಸಿಗೆ ಅಷ್ಟೇ ಇನ್ನೊಂದಿಷ್ಟು. 100 ಪಿಪಿಎಂ ಎಂದು ಧಾರಾಳವಾಗಿ ಹಿಡಿದರೂ ದಿನಕ್ಕೆ 9 ಸೆಕೆಂಡು ಒಳಗೆ.

ಮೂರನೇ ಹೆಜ್ಜೆ: ಬಾಡ್ ರೇಟಿನ ಭಾಗಾಕಾರದ ತಪ್ಪನ್ನು ಕೂಡಿಸಿ

ಈ ಹೆಜ್ಜೆಯನ್ನು ಬಿಡುವವರೇ ಜಾಸ್ತಿ. ಕ್ಲಾಕ್ ಎಷ್ಟೇ ಸರಿ ಇದ್ದರೂ, ಅದನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿಯೇ ಬಾಡ್ ರೇಟ್ ಬರುತ್ತದೆ. ಆ ಸಂಖ್ಯೆ ನಾವು `UBRR` ರಿಜಿಸ್ಟರಿನಲ್ಲಿ ಬರೆಯುವ ಅಂಕಿಯಿಂದ ಬರುತ್ತದೆ. ಸೂತ್ರ ಇದು:

```
baud = F_CPU / (16 * (UBRR + 1))
```

8 ಮೆಗಾಹರ್ಟ್ಜ್‌ನಲ್ಲಿ 9600 ಬೇಕಾದರೆ `UBRR` 51. ಸಿಗುವುದು 9615, ತಪ್ಪು 0.16 ಶೇಕಡಾ. ಚಿಂತೆ ಇಲ್ಲ.

ಈಗ 16 ಮೆಗಾಹರ್ಟ್ಜ್‌ನಲ್ಲಿ 115200 ನೋಡಿ. ಹಲವು 4ಜಿ ಮಾಡ್ಯೂಲುಗಳು ಇದೇ ವೇಗದಲ್ಲಿ ಶುರುವಾಗುತ್ತವೆ. `UBRR` 8 ಹಾಕಿದರೆ ಸಿಗುವುದು 111111, ಅಂದರೆ 3.5 ಶೇಕಡಾ ಕಡಿಮೆ. ಡಬಲ್ ಸ್ಪೀಡಿನಲ್ಲಿ 16 ಹಾಕಿದರೆ 117647, ಅಂದರೆ 2.1 ಶೇಕಡಾ ಜಾಸ್ತಿ. ಎರಡೂ ಡೇಟಾಶೀಟ್ ಮಿತಿಯ ಹೊರಗೆ. ಅತಿ ನಿಖರವಾದ ಕ್ರಿಸ್ಟಲ್ ಹಾಕಿದರೂ ಈ ತಪ್ಪು ಕಡಿಮೆ ಆಗುವುದಿಲ್ಲ, ಯಾಕೆಂದರೆ ತಪ್ಪು ಭಾಗಾಕಾರದ್ದು. ಸುಮ್ನೆ ದುಬಾರಿ ಕ್ರಿಸ್ಟಲ್ ಹುಡುಕಿ ಪ್ರಯೋಜನ ಇಲ್ಲ.

ಇದಕ್ಕೆ ದಾರಿ ಎರಡು. 8051 ಲ್ಯಾಬ್ ಮಾಡಿದವರಿಗೆ 11.0592 ಮೆಗಾಹರ್ಟ್ಜ್ ಕ್ರಿಸ್ಟಲ್ ನೆನಪಿರಬೇಕು. ಅದನ್ನು 16ರಿಂದಲೂ 6ರಿಂದಲೂ ಭಾಗಿಸಿ ನೋಡಿ, ಸರಿಯಾಗಿ 115200 ಬರುತ್ತದೆ. ಆ ವಿಚಿತ್ರ ಅಂಕಿ ಹುಟ್ಟಿದ್ದೇ ಸೀರಿಯಲ್ ವೇಗಗಳಿಗಾಗಿ. ಎರಡನೇ ದಾರಿ ಇನ್ನೂ ಸುಲಭ: ಮಾಡ್ಯೂಲನ್ನೇ ನಿಧಾನ ಮಾಡಿ. ಯುಎಸ್‌ಬಿ ಸೀರಿಯಲ್ ಕೇಬಲ್ಲಿನಿಂದ ಒಮ್ಮೆ ಈ ಆಜ್ಞೆ ಕೊಟ್ಟು ಉಳಿಸಿಬಿಡಿ. ಮೊದಲ ಸಾಲು ಕೊಟ್ಟ ಮೇಲೆ ಕೇಬಲ್ಲಿನ ಕಡೆಯ ವೇಗವನ್ನೂ 9600 ಮಾಡಿಕೊಂಡು ಎರಡನೆಯದನ್ನು ಕೊಡಿ. ಕೆಲವು ಮಾಡ್ಯೂಲಿಗೆ ಉಳಿಸುವ ಆಜ್ಞೆ ಬೇರೆ ಇರುತ್ತದೆ:

```
AT+IPR=9600
AT&W
```

ಎಸ್ಸೆಮ್ಮೆಸ್ ಕಳಿಸಲು 9600 ಧಾರಾಳ ಸಾಕು. ನಾನು ಎರಡನೇ ದಾರಿಯನ್ನೇ ಹೇಳುತ್ತೇನೆ.

ಈಗ ಲೆಕ್ಕ ಕೂಡಿಸಿ. 8 ಮೆಗಾಹರ್ಟ್ಜ್ ರೆಸೊನೇಟರ್ 1 ಶೇಕಡಾ, ಭಾಗಾಕಾರ 0.16. ಒಟ್ಟು ಸುಮಾರು 1.2. ಮಾಡ್ಯೂಲಿನ ಕಡೆ ತಪ್ಪು ತೀರಾ ಚಿಕ್ಕದು, ಅದರೊಳಗೆ ಕ್ರಿಸ್ಟಲ್ ಇದೆ. ಮಿತಿ 2. ರೆಸೊನೇಟರ್ ಪಾಸ್, ಕ್ರಿಸ್ಟಲ್ ಸಲೀಸಾಗಿ ಪಾಸ್, ಹೊಂದಿಸದ ಆರ್‌ಸಿ ಫೇಲ್.

ನಾಲ್ಕನೇ ಹೆಜ್ಜೆ: ನಿಮ್ಮ ಬೋರ್ಡನ್ನು ಮಲ್ಟಿಮೀಟರಿನಿಂದಲೇ ಅಳೆಯಿರಿ

ಇದಕ್ಕೆ ಆಸಿಲೋಸ್ಕೋಪ್ ಬೇಕಿಲ್ಲ. ಹರ್ಟ್ಜ್ ತೋರಿಸುವ ಮಲ್ಟಿಮೀಟರ್ ಇದ್ದರೆ ಆಯಿತು. ದೊಡ್ಡಕ್ಷರ `U` ಅನ್ನು ಬಿಡುವಿಲ್ಲದೆ ಕಳಿಸುತ್ತಾ ಇರಿ:

```c
UBRR0 = 51;
UCSR0B = (1<<TXEN0);
while (1) {
  while (!(UCSR0A & (1<<UDRE0)));
  UDR0 = 'U';
}
```

`U`ನ ಬಿಟ್ಟುಗಳು ಒಂದು ಬಿಟ್ಟು ಒಂದು ಬದಲಾಗುತ್ತವೆ. ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿದರೂ ಅದೇ ಸಾಲು ಮುಂದುವರಿಯುತ್ತದೆ. ಹೀಗಾಗಿ ಟಿಎಕ್ಸ್ ಪಿನ್ನಿನಲ್ಲಿ ಬಾಡ್ ರೇಟಿನ ಅರ್ಧದಷ್ಟು ಫ್ರೀಕ್ವೆನ್ಸಿಯ ಚೌಕ ಅಲೆ ಸಿಗುತ್ತದೆ. ಕ್ಲಾಕ್ ಸರಿಯಾಗಿ 8 ಮೆಗಾಹರ್ಟ್ಜ್ ಇದ್ದರೆ ಮೀಟರ್ 4808 ಹರ್ಟ್ಜ್ ತೋರಿಸಬೇಕು. ಬಂದ ಅಂಕಿಯನ್ನು 1664ರಿಂದ ಗುಣಿಸಿದರೆ ನಿಜವಾದ ಕ್ಲಾಕ್ ಸಿಗುತ್ತದೆ. ಉದಾಹರಣೆಗೆ ಮೀಟರ್ 4904 ತೋರಿಸಿದರೆ ಕ್ಲಾಕ್ 8.16 ಮೆಗಾಹರ್ಟ್ಜ್, ಅಂದರೆ 2 ಶೇಕಡಾ ಜೋರು.

ಬೆಳಿಗ್ಗೆ ತಂಪಿನಲ್ಲಿ ಒಮ್ಮೆ ಅಳೆಯಿರಿ. ಆಮೇಲೆ ಬೋರ್ಡನ್ನು ಅದರದೇ ಬಾಕ್ಸಿನಲ್ಲಿಟ್ಟು, ಬಾಗಿಲು ಮುಚ್ಚಿ, ತಂತಿ ಮಾತ್ರ ಹೊರಗೆ ತೆಗೆದು, ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಒಂದು ತಾಸು ಬಿಟ್ಟು ಮತ್ತೆ ಅಳೆಯಿರಿ. ಈ ಎರಡು ಅಂಕಿ ನಿಮ್ಮ ಚಿಪ್ಪಿನದೇ ಸತ್ಯ, ಯಾವ ಡೇಟಾಶೀಟ್ ಗ್ರಾಫಿಗಿಂತಲೂ ಹತ್ತಿರದ್ದು.

ಮೀಟರ್ ಕಡ್ಡಿಯನ್ನಾಗಲಿ ಸ್ಕೋಪ್ ಪ್ರೋಬನ್ನಾಗಲಿ ನೇರವಾಗಿ ಕ್ರಿಸ್ಟಲ್ ಪಿನ್ನಿಗೆ ಮಾತ್ರ ಹಚ್ಚಬೇಡಿ. ಪ್ರೋಬಿನ ಹತ್ತು ಹನ್ನೆರಡು ಪಿಕೋಫ್ಯಾರಡ್ ಸೇರಿ ಫ್ರೀಕ್ವೆನ್ಸಿ ಸರಿಯುತ್ತದೆ, ಕೆಲವೊಮ್ಮೆ ಆಸಿಲೇಟರ್ ನಿಂತೇ ಹೋಗುತ್ತದೆ. ಒಳ್ಳೆಯ ಬೋರ್ಡು ಕೆಟ್ಟಿದೆ ಎಂದು ತಿಳಿದುಬಿಡುತ್ತೀರಿ.

ಐದನೇ ಹೆಜ್ಜೆ: ಶುರುವಾಗುವ ಸಮಯ ನಿಮಗೆ ಲೆಕ್ಕಕ್ಕೆ ಬರುತ್ತದಾ?

ಆರ್‌ಸಿ ಎದ್ದೊಡನೆ ಓಡುತ್ತದೆ. ನಿದ್ದೆಯಿಂದ ಎಚ್ಚರವಾಗಲು ಈ ಚಿಪ್ ಅದಕ್ಕೆ 6 ಕ್ಲಾಕ್ ಮಾತ್ರ ಕಾಯುತ್ತದೆ, ಅಂದರೆ ಒಂದು ಮೈಕ್ರೋಸೆಕೆಂಡೂ ಇಲ್ಲ. ರೆಸೊನೇಟರಿಗೆ ಫ್ಯೂಸ್ ಆಯ್ಕೆಯಂತೆ 258 ಇಲ್ಲವೇ 1024 ಕ್ಲಾಕ್. ಕ್ರಿಸ್ಟಲಿಗೆ 16384 ಕ್ಲಾಕ್. 8 ಮೆಗಾಹರ್ಟ್ಜ್‌ನಲ್ಲಿ ಅದು ಸುಮಾರು 2 ಮಿಲಿಸೆಕೆಂಡು. ಕ್ರಿಸ್ಟಲಿನ ಒಳಗೆ ಕಂಪನ ಬಲವಾಗಿ ಬೆಳೆಯಲು ಸಮಯ ಬೇಕು, ಅದಕ್ಕೇ ಈ ಕಾಯುವಿಕೆ.

ಕರೆಂಟಿನ ಮೇಲೆ ಓಡುವ ಸ್ಟಾರ್ಟರ್ ಬಾಕ್ಸಿಗೆ 2 ಮಿಲಿಸೆಕೆಂಡು ಏನೂ ಅಲ್ಲ. ಜಿಎಸ್‌ಎಂ ಮಾಡ್ಯೂಲಿಗೆ ನೆಟ್‌ವರ್ಕ್ ಹಿಡಿಯಲೇ ಹಲವು ಸೆಕೆಂಡು ಬೇಕು. ಇಲ್ಲಿ ಈ ಹೆಜ್ಜೆಯನ್ನು ಬಿಟ್ಟುಬಿಡಿ.

ಆದರೆ ಗದ್ದೆಯ ನಡುವೆ ಬ್ಯಾಟರಿ ಮೇಲೆ ಕೂತು, ನಿಮಿಷಕ್ಕೊಮ್ಮೆ ಎದ್ದು ನೀರಿನ ಮಟ್ಟ ನೋಡಿ ಮತ್ತೆ ಮಲಗುವ ಚಿಕ್ಕ ಸೆನ್ಸರ್ ಆದರೆ ಮಾತು ಬೇರೆ. ಅದರ ನಿಜವಾದ ಕೆಲಸ 2 ಮಿಲಿಸೆಕೆಂಡಿನದು ಎನ್ನಿ. ಕ್ರಿಸ್ಟಲ್ ಹಾಕಿದರೆ ಎದ್ದಿರುವ ಸಮಯ ಎರಡರಷ್ಟಾಗುತ್ತದೆ. ಕಾಯುವಾಗ ಪ್ರೊಸೆಸರ್ ನಿಂತಿರುತ್ತದೆ, ಆದರೆ ಆಸಿಲೇಟರ್ ಕರೆಂಟು ಎಳೆಯುತ್ತಲೇ ಇರುತ್ತದೆ. ಅಲ್ಲಿ ಆರ್‌ಸಿ ಗೆಲ್ಲುತ್ತದೆ.

ಆರನೇ ಹೆಜ್ಜೆ: ಖರ್ಚನ್ನು ಪೂರ್ತಿ ಎಣಿಸಿ

ಆರ್‌ಸಿ ಪುಕ್ಕಟೆ, ಜೊತೆಗೆ ಎರಡು ಪಿನ್ ಉಳಿಯುತ್ತವೆ. ರೆಸೊನೇಟರ್ ಕೆಲವು ರೂಪಾಯಿ. ಮೂರು ಕಾಲಿನದು ತೆಗೆದುಕೊಂಡರೆ ಕೆಪಾಸಿಟರ್ ಒಳಗೇ ಇರುತ್ತದೆ. ಕ್ರಿಸ್ಟಲ್ ಕೂಡ ಚಿಲ್ಲರೆಯಲ್ಲಿ ಐದು ಹತ್ತು ರೂಪಾಯಿಯ ಮಾಲು, ಅದಕ್ಕೆ ಎರಡು ಕೆಪಾಸಿಟರ್ ಸೇರಿಸಿ. ಲಕ್ಷಗಟ್ಟಲೆ ಮಾಡುವ ಕಂಪನಿಗೆ ಈ ವ್ಯತ್ಯಾಸ ದೊಡ್ಡದು. ಐವತ್ತು ಬಾಕ್ಸು ಮಾಡುವವರಿಗೆ ಒಟ್ಟು ಉಳಿತಾಯ ನಾಲ್ಕೈದು ನೂರು ರೂಪಾಯಿ. ಒಂದೇ ಒಂದು ಬಾಕ್ಸು ಕೆಟ್ಟು ಸಿಂಧನೂರಿನಿಂದ ಯಾವುದೋ ಕ್ಯಾಂಪಿಗೆ ಬೈಕಿನಲ್ಲಿ ಹೋಗಿ ಬಂದರೆ ಪೆಟ್ರೋಲು, ಅರ್ಧ ದಿನದ ಕೆಲಸ ಸೇರಿ ಆ ಉಳಿತಾಯ ಮುಗಿಯಿತು. ನಮ್ಮ ಪ್ರಮಾಣದಲ್ಲಿ ಭಾಗದ ಬೆಲೆ ನೋಡಿ ಆರ್‌ಸಿ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ಪಿನ್ ಬೇಕು, ಬ್ಯಾಟರಿ ಉಳಿಯಬೇಕು ಎಂಬ ಕಾರಣಕ್ಕೆ ಆರಿಸಿದರೆ ಸರಿ.

ಏಳನೇ ಹೆಜ್ಜೆ: ಆರಿಸಿ, ಫ್ಯೂಸ್ ಬರೆಯಿರಿ

ಸ್ಟಾರ್ಟರ್ ಬಾಕ್ಸಿಗೆ ನನ್ನ ಆಯ್ಕೆ 8 ಮೆಗಾಹರ್ಟ್ಜ್ ರೆಸೊನೇಟರ್, ಜೊತೆಗೆ ದಿನದ ಹೊತ್ತಿಗೆ ಡಿಎಸ್3231 ಆರ್‌ಟಿಸಿ. ಅದರೊಳಗಿನ ಕ್ರಿಸ್ಟಲ್ ಬಿಸಿಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. 85 ಡಿಗ್ರಿವರೆಗೂ ±3.5 ಪಿಪಿಎಂ, ಅಂದರೆ ವರ್ಷಕ್ಕೆ ಎರಡು ನಿಮಿಷದ ಒಳಗೆ. ಸಾಧಾರಣ 32.768 ಕಿಲೋಹರ್ಟ್ಜ್ ವಾಚ್ ಕ್ರಿಸ್ಟಲ್ ಬಿಸಿಗೂ ಚಳಿಗೂ ನಿಧಾನವಾಗುವ ಜಾತಿ. 25 ಡಿಗ್ರಿಯಿಂದ ಎಷ್ಟು ದೂರವೋ ಅದರ ವರ್ಗಕ್ಕೆ ತಕ್ಕಂತೆ ಹಿಂದೆ ಬೀಳುತ್ತದೆ. 60 ಡಿಗ್ರಿಯಲ್ಲಿ ಸುಮಾರು 43 ಪಿಪಿಎಂ, ದಿನಪೂರ್ತಿ ಹಾಗೇ ಇದ್ದರೆ 3.7 ಸೆಕೆಂಡು. ಇದೂ ನಮ್ಮ 200ರ ಮಿತಿಯೊಳಗೇ ಇದೆ, ಹಾಗಾಗಿ ಕಡಿಮೆ ಬೆಲೆಯ ಆರ್‌ಟಿಸಿ ಹಾಕಿದರೂ ತಪ್ಪಿಲ್ಲ.

ರೆಸೊನೇಟರಿಗೆ ಫ್ಯೂಸ್ ಹೀಗೆ:

```
avrdude -c usbasp -p m328p -U lfuse:w:0xCF:m
```

ಇದು 1024 ಕ್ಲಾಕ್ ಜೊತೆಗೆ 65 ಮಿಲಿಸೆಕೆಂಡು ಕಾಯುವ ಆಯ್ಕೆ. ಸಪ್ಲೈ ನಿಧಾನವಾಗಿ ಏರುವ ಬಾಕ್ಸಿಗೆ ಇದೇ ಸರಿ. ಕ್ರಿಸ್ಟಲ್ ಆದರೆ `0xFF`. ಕಾಂಟ್ಯಾಕ್ಟರ್ ಪಕ್ಕದಲ್ಲೇ ಬೋರ್ಡು ಕೂರುತ್ತದೆ ಎಂದರೆ ಕ್ರಿಸ್ಟಲನ್ನು ಜೋರಾಗಿ ಓಡಿಸುವ `0xF7` ಬಳಸಿ. ಕಾಂಟ್ಯಾಕ್ಟರ್ ಬಡಿದಾಗ ಏಳುವ ಸ್ಪೈಕನ್ನು ಅದು ಹೆಚ್ಚು ತಡೆಯುತ್ತದೆ, ಕರೆಂಟು ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಕ್ರಿಸ್ಟಲ್ ಹಾಕುವವರು ಕೆಪಾಸಿಟರನ್ನು ಊಹೆಯಿಂದ ಹಾಕಬೇಡಿ. ಕ್ರಿಸ್ಟಲಿನ ಲೋಡ್ ಕೆಪಾಸಿಟೆನ್ಸಿನಿಂದ ಬೋರ್ಡಿನದು ಸುಮಾರು 5 ಪಿಕೋಫ್ಯಾರಡ್ ಕಳೆದು ಎರಡರಿಂದ ಗುಣಿಸಿ. 18ರ ಕ್ರಿಸ್ಟಲಿಗೆ 26 ಬರುತ್ತದೆ, 27 ಹಾಕಿ. ಬೆಸುಗೆ ಹಾಕಿದ ಮೇಲೆ ಫ್ಲಕ್ಸ್ ತೊಳೆಯಿರಿ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಫ್ಲಕ್ಸಿಗೆ ಅಂಟಿ, ಮಳೆಗಾಲದ ತೇವ ಹೀರಿದರೆ ಎರಡು ಪಿನ್ನಿನ ನಡುವೆ ಲೀಕೇಜ್ ಆಗಿ ಕ್ರಿಸ್ಟಲ್ ಶುರುವಾಗುವುದೇ ಇಲ್ಲ. ಬೇಸಿಗೆಯಲ್ಲಿ ಸರಿ, ಮಳೆಗಾಲದಲ್ಲಿ ಸತ್ತ ಬೋರ್ಡು ಸಿಕ್ಕರೆ ಮೊದಲು ಅಲ್ಲಿ ಬ್ರಷ್ ಹಾಕಿ.

ಹೊರಗಿನ ಕ್ಲಾಕಿನ ಫ್ಯೂಸ್ ಬರೆದು, ಬೋರ್ಡಿನಲ್ಲಿ ಕ್ರಿಸ್ಟಲ್ ಇಲ್ಲದಿದ್ದರೆ ಚಿಪ್ ಪ್ರೋಗ್ರಾಮರಿಗೂ ಉತ್ತರ ಕೊಡುವುದಿಲ್ಲ. ಚಿಪ್ ಸತ್ತಿಲ್ಲ. `XTAL1` ಪಿನ್ನಿಗೆ ಇನ್ನೊಂದು ಬೋರ್ಡಿನಿಂದ ಒಂದು ಮೆಗಾಹರ್ಟ್ಜ್ ಚೌಕ ಅಲೆ ಕೊಟ್ಟು, ಪ್ರೋಗ್ರಾಮರಿನ ವೇಗ ಇಳಿಸಿ, ಫ್ಯೂಸನ್ನು ಮತ್ತೆ ಬರೆಯಬಹುದು.

ಬ್ಯಾಟರಿ ಸೆನ್ಸರಿಗೆ: ಆರ್‌ಸಿಯನ್ನು ವಾಚ್ ಕ್ರಿಸ್ಟಲಿನಿಂದ ಹೊಂದಿಸುವುದು

ಬೇಗ ಏಳಬೇಕು, ಸೀರಿಯಲ್ಲೂ ಸರಿ ಇರಬೇಕು, ಹೊತ್ತೂ ಗೊತ್ತಿರಬೇಕು ಎಂದರೆ ಎರಡನ್ನೂ ಸೇರಿಸಿ. ಮುಖ್ಯ ಕ್ಲಾಕ್ ಒಳಗಿನ ಆರ್‌ಸಿ, ಫ್ಯೂಸ್ `0xE2`. ಕ್ರಿಸ್ಟಲ್ ಪಿನ್ನುಗಳಿಗೆ 32.768 ಕಿಲೋಹರ್ಟ್ಜ್ ಕ್ರಿಸ್ಟಲ್ ಹಾಕಿ ಟೈಮರ್ 2 ಓಡಿಸಿ. ಈ ಕ್ರಿಸ್ಟಲ್ ಏಳಲು ಬಹಳ ನಿಧಾನ, ಪವರ್ ಬಂದ ಮೇಲೆ ಒಂದು ಸೆಕೆಂಡು ಕಾಯಿರಿ ಎಂದು ಡೇಟಾಶೀಟೇ ಹೇಳುತ್ತದೆ. ಆಮೇಲೆ ಪವರ್-ಸೇವ್ ನಿದ್ದೆಯಲ್ಲೂ ಅದು ಓಡುತ್ತಲೇ ಇರುವುದರಿಂದ ಮತ್ತೆ ಕಾಯುವುದಿಲ್ಲ.

ವಾಚ್ ಕ್ರಿಸ್ಟಲಿನ 128 ಟಿಕ್ ಆಗುವಷ್ಟರಲ್ಲಿ 8 ಮೆಗಾಹರ್ಟ್ಜ್ ಕ್ಲಾಕ್ ಸರಿಯಾಗಿ 31250 ಸಲ ಬಡಿಯಬೇಕು. ಅದನ್ನೇ ಎಣಿಸಿ:

```c
// ಒಮ್ಮೆ ಮಾತ್ರ:
ASSR = (1<<AS2);
TCCR2B = (1<<CS20);
TCCR1A = 0;
TCCR1B = (1<<CS10);
_delay_ms(1000);

// ಆಗಾಗ, ಇಂಟರಪ್ಟ್ ನಿಲ್ಲಿಸಿ:
uint8_t t = TCNT2;
while (TCNT2 == t);
TCNT1 = 0;
t = TCNT2 + 128;
while (TCNT2 != t);
uint16_t n = TCNT1;
if (n > 31406) OSCCAL--;
else if (n < 31094) OSCCAL++;
```

ಇಡೀ ಅಳತೆಗೆ 4 ಮಿಲಿಸೆಕೆಂಡು ಸಾಕು. ಎಣಿಕೆ ಅರ್ಧ ಶೇಕಡಾಕ್ಕಿಂತ ಹೆಚ್ಚು ತಪ್ಪಿದಾಗ ಮಾತ್ರ ಆರ್‌ಸಿಯ ವೇಗ ಹೊಂದಿಸುವ ರಿಜಿಸ್ಟರ್ `OSCCAL` ಒಂದು ಹೆಜ್ಜೆ ಸರಿಯುತ್ತದೆ. ಒಮ್ಮೆಲೇ ದೂರ ಜಿಗಿಸಬೇಡಿ, ಶೇಕಡಾ 2ಕ್ಕಿಂತ ದೊಡ್ಡ ಜಿಗಿತಕ್ಕೆ ಚಿಪ್ ದಾರಿ ತಪ್ಪಬಹುದು. ಅದರಲ್ಲಿ 127ರವರೆಗೆ ಒಂದು ವ್ಯಾಪ್ತಿ, 128ರಿಂದ ಇನ್ನೊಂದು, ಆ ಗಡಿ ದಾಟದಂತೆ ಕೋಡಿನಲ್ಲಿ ತಡೆ ಹಾಕಿ. ಬಿಸಿಲು ಏರುವುದು ತಾಸುಗಟ್ಟಲೆ ಲೆಕ್ಕದಲ್ಲಿ, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಇದನ್ನು ಓಡಿಸಿದರೆ ಆರ್‌ಸಿ ಶೇಕಡಾ 1ರೊಳಗೇ ನಿಲ್ಲುತ್ತದೆ. ನಿಂತಿದೆಯೋ ಇಲ್ಲವೋ ಎಂದು ತಿಳಿಯಲು ನಾಲ್ಕನೇ ಹೆಜ್ಜೆಯ `U` ಪರೀಕ್ಷೆಯನ್ನು ಮಧ್ಯಾಹ್ನ ಮತ್ತೊಮ್ಮೆ ಮಾಡಿ. ಮೀಟರ್ 4760 ಮತ್ತು 4856ರ ನಡುವೆ ಇದ್ದರೆ ಬಾಕ್ಸನ್ನು ಹೊಲಕ್ಕೆ ಕಳಿಸಬಹುದು.